ಎಂಬತ್ತಕ್ಕೆ ಅರವತ್ತಾರು

ಉಕ್ಕಿನ ಕಾರ್ಖಾನೆಯವರ ಪ್ರಕಟಣೆ ಸೌದಾಮಿನಿಯ ಫೋನಿಗೆ ಬಂದಾಗ ಅವಳು ಪಂಪ್ ಹೌಸಿನಲ್ಲಿದ್ದಳು. ಗಣಿನಾಡಿನ ಬಡಬಿಲ್ ಊರಾಚೆ, ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆಯ ಹಿಂಬದಿಯಲ್ಲಿ ಆ ಪಂಪ್ ಹೌಸು. ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು, ಒತ್ತಡ ಇಳಿದರೆ ಇನ್ನೊಂದು ಪಂಪು ಹಾಕುವುದು, ಅವಳ ಕೆಲಸ ಇಷ್ಟೇ. ಕಂಟ್ರಾಕ್ಟಿನ ಕೆಲಸ. ಕುತ್ತಿಗೆಯಲ್ಲಿ ನೇತಾಡುವ ಗೇಟ್ ಪಾಸಿನ ಮೇಲೆ 'ಅಕುಶಲ' ಎಂದು ಅಚ್ಚಾಗಿತ್ತು. ಮೂರು ವರ್ಷ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳ ಎದೆಯ ಮೇಲೆ ಆ ಮಾತು.

ಪ್ರಕಟಣೆಯಲ್ಲಿ ಕಾಯಂ ಟೆಕ್ನಿಶಿಯನ್ ಹುದ್ದೆ ನಲವತ್ತೆರಡು. ವಯಸ್ಸು ಇಪ್ಪತ್ತೇಳು ಮೀರಿರಬಾರದು. ಅವಳಿಗೆ ಇಪ್ಪತ್ತಾರು ಮುಗಿದು ನಾಲ್ಕು ತಿಂಗಳಾಗಿತ್ತು. ಡಿಪ್ಲೊಮಾದ ಆರೂ ಸೆಮಿಸ್ಟರಿನ ಒಟ್ಟು ಅಂಕ ಶೇಕಡಾ ಅರವತ್ತಕ್ಕೆ ಕಡಿಮೆ ಇರಬಾರದು. ಯಾವ ವಿಷಯವೂ ಬಾಕಿ ಇರಬಾರದು. ಅರ್ಜಿಗೆ ಕೊನೆಯ ದಿನ ಜೂನ್ ಹತ್ತು.

ಅವಳದ್ದು ಒಂದು ವಿಷಯ ಬಾಕಿ ಇತ್ತು. ಮೂರನೆಯ ಸೆಮಿಸ್ಟರಿನ ಗಣಿತ. ಮಗಳು ಟಿಕಿ ಹೊಟ್ಟೆಯಲ್ಲಿದ್ದಾಗ ಬರೆದ ಪರೀಕ್ಷೆ ಅದು. ಏಳು ತಿಂಗಳು ತುಂಬಿತ್ತು. ಪರೀಕ್ಷಾ ಕೊಠಡಿಯಲ್ಲಿ ಫ್ಯಾನ್ ಇರಲಿಲ್ಲ. ಒಂದೂವರೆ ಗಂಟೆ ಬರೆದ ಮೇಲೆ ವಾಂತಿ ಬಂದು ಎದ್ದು ಹೊರಗೆ ಹೋದವಳು ಮತ್ತೆ ಒಳಗೆ ಬರಲೇ ಇಲ್ಲ. ಉಳಿದ ವಿಷಯಗಳನ್ನೆಲ್ಲ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಒಂದೊಂದಾಗಿ ಮುಗಿಸಿದ್ದಳು. ಗಣಿತ ಮಾತ್ರ ಹಾಗೇ ಉಳಿದಿತ್ತು. ಮತ್ತೊಮ್ಮೆ ಬರೆಯಲು ಹಣ ಕಟ್ಟಿದ ವರ್ಷ ಮಗುವಿಗೆ ಮಲೇರಿಯಾ ಬಂತು. ಆಮೇಲೆ ಕೈಬಿಟ್ಟಳು.

ಈಗ ಬೋರ್ಡಿನ ನಿಯಮದ ಪ್ರಕಾರ ಸೇರಿದ ದಿನದಿಂದ ಆರು ವರ್ಷ ಮುಗಿಯುತ್ತ ಬಂದಿತ್ತು. ಮೇ ಒಂಬತ್ತರ ಪರೀಕ್ಷೆಯೇ ಕೊನೆಯದು. ಅದಾದ ಮೇಲೆ ಅವಳ ಹೆಸರೇ ದಾಖಲೆಯಿಂದ ಹೊರಗೆ.

ರೀಡಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳು ಲೆಕ್ಕ ಹಾಕಿದಳು. ಆರು ಸೆಮಿಸ್ಟರಿಗೆ ಒಟ್ಟು ನಾಲ್ಕು ಸಾವಿರದ ಐನೂರು ಅಂಕ. ಅದರ ಶೇಕಡಾ ಅರವತ್ತು ಎಂದರೆ ಎರಡು ಸಾವಿರದ ಏಳುನೂರು. ಆರೂ ಅಂಕಪಟ್ಟಿಗಳನ್ನು ಫೋನಿನಲ್ಲಿ ತೆರೆದು ಮೂರು ಸಲ ಕೂಡಿದಳು. ಎರಡು ಸಾವಿರದ ಆರುನೂರ ಐವತ್ತೈದು. ಏಳುನೂರಕ್ಕೆ ಇನ್ನು ನಲವತ್ತೈದು ಬೇಕು. ಪರೀಕ್ಷೆ ಎಂಬತ್ತಕ್ಕೆ. ಎಂಬತ್ತಕ್ಕೆ ನಲವತ್ತೈದು! ಆರೋಗ್ಯ ನೆಟ್ಟಗಿದ್ದರೆ ಅವತ್ತೇ ಬರುತ್ತಿತ್ತಲ್ಲ ಎಂದುಕೊಂಡಳು. ಆ ಗಂಟೆಯ ರೀಡಿಂಗ್ ಬರೆಯುವುದನ್ನೂ ಮರೆತಳು.

ಮರುದಿನ ಬೆಳಿಗ್ಗೆ ನಿಶಾಕರ ದಾಶ್ ಸರ್ ಮನೆಗೆ ಹೋದಳು. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ಜಗಲಿಯಲ್ಲಿ ಕೂತು ಮಂಡಕ್ಕಿಗೆ ಈರುಳ್ಳಿ, ಸಾಸಿವೆ ಎಣ್ಣೆ ಹಾಕಿ ಕಲಸುತ್ತಿದ್ದರು. ಅವಳ ಹಾಳೆ ನೋಡಿ ಕೈ ಒರೆಸಿಕೊಂಡರು. ಕನ್ನಡಕ ಹಾಕಿದರು. ಮೊತ್ತದ ಮೇಲೆ ಬೆರಳಿಟ್ಟರು.

"ಮಾ, ಈ ಆರುನೂರ ಐವತ್ತೈದರೊಳಗೆ ಗಣಿತದ ಅಂಕ ಸೇರಿದೆಯಾ?"

"ಅಂಕಪಟ್ಟೀಲಿ ಇದ್ದಿದ್ದನ್ನೆಲ್ಲ ಕೂಡಿದೀನಿ ಸರ್."

"ಅದೇ ಕೇಳ್ತಿರೋದು. ಅವತ್ತು ಎಷ್ಟು ಬಂದಿತ್ತು?"

"ಮೂವತ್ತಮೂರು. ಇಂಟರ್ನಲ್ ಹನ್ನೆರಡು, ಪರೀಕ್ಷೇಲಿ ಇಪ್ಪತ್ತೊಂದು."

"ಹಂಗಾದ್ರೆ ಆ ಇಪ್ಪತ್ತೊಂದು ನಿನ್ನ ಮೊತ್ತದೊಳಗೇ ಕೂತಿದೆ. ಹೊಸ ಅಂಕ ಬಂದಾಗ ಅದು ಎದ್ದು ಹೋಗುತ್ತೆ. ಹಳೇದೂ ಇರಲಿ, ಹೊಸದೂ ಬರಲಿ ಅಂದ್ರೆ ಬೋರ್ಡಿನೋರು ಕೇಳ್ತಾರಾ?" ಅವರು ಪೆನ್ಸಿಲಿನಲ್ಲಿ ಮೊತ್ತದಿಂದ ಇಪ್ಪತ್ತೊಂದು ಕಳೆದರು. ಎರಡು ಸಾವಿರದ ಆರುನೂರ ಮೂವತ್ತನಾಲ್ಕು. "ಇಲ್ಲಿಂದ ಏಳುನೂರಕ್ಕೆ ನೋಡು."

ಅವಳು ನೋಡಿದಳು. ಅರವತ್ತಾರು.

"ಇಂಟರ್ನಲ್ ಹನ್ನೆರಡು ಇದ್ದಿದ್ದು ಇದ್ದಂಗೇ. ಅದನ್ನ ಯಾರೂ ಮುಟ್ಟಲ್ಲ. ಪಾಸಾಗಿರೋ ಬೇರೆ ವಿಷಯ ಮತ್ತೆ ಬರೆಯೋಕೆ ಬಿಡಲ್ಲ. ಇರೋದು ಇದೊಂದೇ ಪೇಪರ್, ಎಂಬತ್ತಕ್ಕೆ ಅರವತ್ತಾರು. ಅರವತ್ತೈದು ಬಂದ್ರೆ ನಿನ್ನ ಶೇಕಡಾ ಐವತ್ತೊಂಬತ್ತು ಪಾಯಿಂಟ್ ಒಂಬತ್ತು ಏಳು. ಪ್ರಕಟಣೆ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದಾರೆ ನೋಡಿದ್ಯಾ? ಮೇಲಕ್ಕೆ ಎಳೆದು ಅರವತ್ತು ಮಾಡಿಕೊಳ್ಳೋ ಹಂಗಿಲ್ಲ."

ಸೌದಾಮಿನಿ ಜಗಲಿಯ ಅಂಚಿನಲ್ಲಿ ಕೂತಳು. ಒಂದು ರಾತ್ರಿಯ ಮಟ್ಟಿಗೆ ನಲವತ್ತೈದನ್ನು ಸೆರಗಿಗೆ ಕಟ್ಟಿಕೊಂಡು ಮಲಗಿದ್ದಳು. ಬೆಳಗಾಗುವಷ್ಟರಲ್ಲಿ ಅದು ಇಷ್ಟು ದೂರ ಓಡಿಹೋಗಿತ್ತು.

"ಫೇಲಾಗಿ ಮತ್ತೆ ಬರೆದು ಅರವತ್ತಾರು ತಗೊಂಡೋರು ಇದಾರಾ ಸರ್?"

ದಾಶ್ ಸರ್ ಸುಳ್ಳು ಹೇಳುವವರಲ್ಲ. "ನನ್ನ ಮೂವತ್ತು ವರ್ಷದಲ್ಲಿ ಇಬ್ಬರು" ಎಂದರು. "ಆದ್ರೆ ಅವರಿಗೆ ಮಗು ಇರಲಿಲ್ಲ, ಶಿಫ್ಟೂ ಇರಲಿಲ್ಲ. ನೀನು ದಿನಕ್ಕೆ ಆರು ಗಂಟೆ ಕೂತ್ರೆ ನಾನು ಹೇಳಿಕೊಡ್ತೀನಿ. ಮುಂದಿನ ವಾರದಿಂದ ಕೂತ್ರೂ ಮೂವತ್ತೈದು ದಿನ ಇದೆ. ಕಮ್ಮಿ ಕೂರೋದಾದ್ರೆ ಬೇಡ. ಇಪ್ಪತ್ತೆಂಟು ತಗೊಂಡು ಪಾಸಾಗು, ಸಾಕು."

"ಇಪ್ಪತ್ತೆಂಟಕ್ಕೆ ಏನು ಸಿಗುತ್ತೆ ಸರ್?"

"ಡಿಪ್ಲೊಮಾ ಸಿಗುತ್ತೆ."

"ಅರವತ್ತೈದಕ್ಕೆ?"

"ಅದೇ ಡಿಪ್ಲೊಮಾ" ಎಂದರು ಸರ್.

ಅದನ್ನೇ ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಕೆಂಪು ಧೂಳೆಬ್ಬಿಸಿಕೊಂಡು ಅದಿರಿನ ಲಾರಿಗಳು ಪಕ್ಕದಲ್ಲೇ ಹೋಗುತ್ತಿದ್ದವು. ಇಪ್ಪತ್ತೆಂಟರಿಂದ ಅರವತ್ತೈದರ ತನಕ ಎಷ್ಟು ಬಂದರೂ ಒಂದೇ. ಕೆಲಸ ಬಿಟ್ಟು, ಮೈ ಮುರಿದು, ಅರವತ್ತು ತೆಗೆದರೂ ಕೆಲಸ ಬಿಡದೆ ಮೂವತ್ತು ತೆಗೆದವಳಿಗಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಆ ಡಿಪ್ಲೊಮಾ ಹಿಡಿದು ಈ ಭಾಗದಲ್ಲಿ ಯಾರ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಅರವತ್ತು ಇದೆಯೇ ಎಂದು.

ಗಂಡ ದೈತಾರಿ, ಗಣಿಯಲ್ಲಿ ಟಿಪ್ಪರ್ ಓಡಿಸುವವನು. ಅಂದು ಅವನ ರಜೆ. ನೀರಲ್ಲಿ ನೆನೆಸಿಟ್ಟ ಪಖಾಳ ಅನ್ನದ ಮುಂದೆ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿದ.

"ನಿನ್ನೆ ನಲವತ್ತೈದು ಅಂದಿದ್ಯಲ್ಲ ಟಿಕಿ ಬೋಉ?" ಟಿಕಿಯ ಅಮ್ಮ ಎಂದೇ ಅವನು ಅವಳನ್ನು ಕರೆಯುವುದು.

"ತಪ್ಪಾಗಿ ಕೂಡಿದ್ದೆ."

"ಒಂದು ಕೂಡೋದನ್ನೇ ತಪ್ಪು ಮಾಡೋಳು ಗಣಿತದಲ್ಲಿ ಅರವತ್ತಾರು ತಗೊಳ್ತೀಯಾ?" ಅವನು ಗೇಲಿ ಮಾಡಲೆಂದು ಅಂದದ್ದಲ್ಲ, ಹೆದರಿ ಅಂದದ್ದು. ಆದರೂ ಆ ಮಾತು ಅವಳಿಗೆ ನಾಟಿತು.

"ನಿಮ್ಮ ಸೂಪರ್‌ವೈಸರ್ ಜೆನಾ ಬಾಬು ರಜೆ ಕೊಡ್ತಾನಾ?" ಅವನೇ ಮತ್ತೆ ಕೇಳಿದ.

"ಹತ್ತು ದಿನ ಕಾಣದಿದ್ರೆ ಪಾಸು ರದ್ದು. ಹೊರಗೆ ನಿಂತೋರು ಎಷ್ಟು ಜನ ಇದಾರೆ, ನಿಮಗೇ ಗೊತ್ತಲ್ಲ."

"ಹಂಗಾದ್ರೆ ಲೆಕ್ಕ ನೀನೇ ಹೇಳು. ಇದ್ದ ಕೆಲಸ ಖಂಡಿತ ಹೋಗುತ್ತೆ. ಅರವತ್ತಾರು ಬರೋದು ಖಂಡಿತ ಇಲ್ಲ. ಬಂದ್ರೂ ಅದು ಬರೀ ಅರ್ಜಿ ಹಾಕೋಕೆ, ಆಮೇಲೆ ಅವರದ್ದೇ ಇನ್ನೊಂದು ಪರೀಕ್ಷೆ. ಸರಿ ತಾನೆ?"

ಎಲ್ಲವೂ ಸರಿಯಾಗಿತ್ತು. ಅವಳು ಎದ್ದು ಹೋಗಿ ಟಿಕಿಯ ತಲೆ ಬಾಚಲು ಕೂತಳು. ಬಾಚುತ್ತ ಬಾಚುತ್ತ ಕಣ್ಣಿಂದ ನೀರು ಇಳಿಯತೊಡಗಿತು. ಮಗು ತಿರುಗಿ ನೋಡಿ, "ಬೋಉ, ನನಗೆ ನೋವಾಗ್ತಾ ಇಲ್ಲ, ನೀನ್ಯಾಕೆ ಅಳ್ತೀಯಾ?" ಎಂದಿತು.

ಪರೀಕ್ಷೆಗೆ ಹಣ ಕಟ್ಟಲು ಶನಿವಾರ ಕೊನೆ. ಶುಕ್ರವಾರದ ತನಕ ಅವಳು ಯಾರೊಂದಿಗೂ ಆ ಮಾತು ಎತ್ತಲಿಲ್ಲ. ಮೀಟರು ನೋಡಿದಳು, ಬರೆದಳು. ಬರೆಯುವಾಗ ಒಂದು ಸಲ ಕೈ ನಿಂತಿತು. ಇನ್ನೊಂದು ತಿಂಗಳಿಗೆ ಆರು ವರ್ಷ ಮುಗಿದರೆ ಆ ಎರಡು ಸಾವಿರದ ಆರುನೂರ ಐವತ್ತೈದರಲ್ಲಿ ಒಂದಂಕಕ್ಕೂ ಬೆಲೆ ಇರುವುದಿಲ್ಲ. ಕೂಸಿಗೆ ಹಾಲೂಡಿಸುತ್ತ ಓದಿದ ಯಂತ್ರಗಳ ಪಾಠ, ಜ್ವರದಲ್ಲಿ ಬರೆದ ಪ್ರಾಕ್ಟಿಕಲ್ಲು, ಎಲ್ಲ ಸೊನ್ನೆ. ಕೆಲಸ ಹೋದರೆ ಇಂಥದೇ ಇನ್ನೊಂದು ಕೆಲಸ ಎಲ್ಲಾದರೂ ಬೇಡಬಹುದು. ಅಂಕ ಹೋದರೆ ಬೇಡಲು ಯಾರೂ ಇಲ್ಲ.

ಶನಿವಾರ ಬೆಳಿಗ್ಗೆಯೇ ಫೋನಿನಲ್ಲಿ ಪರೀಕ್ಷೆಯ ಹಣ ಕಟ್ಟಿದಳು. ಶಿಫ್ಟು ಮುಗಿಸಿ ನೇರ ಸೂಪರ್‌ವೈಸರ್ ಜೆನಾ ಬಾಬುವಿನ ಮೇಜಿನ ಮುಂದೆ ಹೋಗಿ ಕುತ್ತಿಗೆಯ ಪಾಸು ತೆಗೆದಿಟ್ಟಳು.

"ಇದೇನಿದು?"

"ಮೇ ಹತ್ತರ ತನಕ ರಜೆ ಬೇಕು ಬಾಬು. ಸಿಗಲ್ಲ ಅಂತ ಗೊತ್ತು. ಅದಕ್ಕೇ ನಾನೇ ಇಟ್ಟೆ."

"ನಾಳೆನೇ ಆ ಜಾಗಕ್ಕೆ ಇನ್ನೊಬ್ಬರು ಬರ್ತಾರೆ. ಗೊತ್ತಾ?"

"ಗೊತ್ತು ಬಾಬು."

ಜೆನಾ ಬಾಬು ಅವಳನ್ನೇ ದಿಟ್ಟಿಸಿ, "ಹುಚ್ಚಿ" ಎಂದು ಪಾಸನ್ನು ಡ್ರಾಯರಿಗೆ ಹಾಕಿದ.

ಮನೆಯಲ್ಲಿ ದೈತಾರಿ ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟಿಕಿಗೆ ಅವನೇ ಸ್ನಾನ ಮಾಡಿಸಿ, ತನ್ನ ತಾಯಿಯ ಮನೆಗೆ ಬಿಟ್ಟು ಬಂದ. "ಸಂಜೆ ಕರ್ಕೊಂಡು ಬರ್ತೀನಿ. ಕೂತ್ಕೋ" ಎಂದಷ್ಟೇ ಹೇಳಿ ಗಣಿಗೆ ಹೋದ.

ದಾಶ್ ಸರ್ ಮೊದಲ ದಿನ ಪುಸ್ತಕ ತೆರೆಯಲೇ ಇಲ್ಲ. ಪ್ರಶ್ನೆಪತ್ರಿಕೆಯನ್ನು ಮೂರು ಭಾಗ ಮಾಡಿ ತೋರಿಸಿದರು. ಎರಡೆರಡು ಅಂಕದ ಹತ್ತು ಪ್ರಶ್ನೆ, ಎಲ್ಲಾ ಬರೆಯಬೇಕು, ಇಪ್ಪತ್ತು. ಐದೈದರ ಆರು, ಮೂವತ್ತು. ಹತ್ತರ ಮೂರು, ಮೂವತ್ತು. "ನಿನಗೆ ಕಳಕೊಳ್ಳೋಕೆ ಇರೋದು ಹದಿನಾಲ್ಕು. ಹತ್ತರದೊಂದು ಪೂರಾ ಕೈಕೊಟ್ಟರೆ, ಐದರದ್ದೊಂದು ಬಿಡೋ ಹಂಗೂ ಇಲ್ಲ. ತಿಳೀತಾ?"

ಮಾತೃಕೆಗಳು ಅವಳಿಗೆ ನಾಲ್ಕು ದಿನದಲ್ಲಿ ಬಂದವು. ಅವಕಲ ಸಮೀಕರಣಗಳು ಹನ್ನೊಂದು ದಿನ ತಿಂದವು. ಲಾಪ್ಲಾಸಿನ ಸೂತ್ರಗಳನ್ನು ಅವಳು ಒಲೆಯ ಹಿಂದಿನ ಗೋಡೆಗೆ ಇದ್ದಿಲಲ್ಲಿ ಬರೆದಳು. ಏಪ್ರಿಲಿನ ಬಿಸಿಲಿಗೆ ತಗಡಿನ ಮಾಡು ಕಾದು ಹಾಳೆ ಅಂಗೈಗೆ ಅಂಟುತ್ತಿತ್ತು. ಇಪ್ಪತ್ತನೆಯ ದಿನ ಸರ್ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಮೂರು ಗಂಟೆ ಕೂರಿಸಿದರು. ನಲವತ್ತೊಂಬತ್ತು ಬಂತು. ಮೂವತ್ತನೆಯ ದಿನ ಇನ್ನೊಂದು ಕೊಟ್ಟರು. ಐವತ್ತೆಂಟು.

"ಏರ್ತಾ ಇದೆ" ಎಂದರು ಸರ್.

"ಇನ್ನೂ ಎಂಟು ಸರ್. ಐದು ದಿನದಲ್ಲಿ ಎಂಟು ಎಲ್ಲಿಂದ ತರಲಿ?" ಅವಳ ಧ್ವನಿ ಚೀರಿದಂತೆ ಬಂತು. ಸರ್ ಹೆಂಡತಿ ಒಳಗಿನಿಂದ ಒಂದು ಲೋಟ ಬೇಲದ ಪಾನಕ ತಂದಿಟ್ಟು, ತಲೆ ಸವರಿ ಹೋದರು.

ಪರೀಕ್ಷೆಯ ದಿನ ಕೊಠಡಿಯಲ್ಲಿ ಹನ್ನೆರಡು ಜನ. ಅವಳಿಗಿಂತ ಏಳೆಂಟು ವರ್ಷ ಚಿಕ್ಕವರು. ಬರೆಯುತ್ತಲೇ ಅವಳ ತಲೆಯ ಒಂದು ಮೂಲೆ ಲೆಕ್ಕ ಇಡುತ್ತಿತ್ತು. ಎರಡಂಕದ್ದು ಒಂಬತ್ತು ಬರೆದಳು, ಒಂದು ಹೊಳೆಯಲೇ ಇಲ್ಲ. ಹದಿನೆಂಟು. ಐದರದ್ದು ಐದು ಮುಗಿಸಿದಳು, ಆರನೆಯದು ಅರ್ಧಕ್ಕೆ ನಿಂತಿತು. ಹತ್ತರದ್ದು ಎರಡು ಸಲೀಸಾಗಿ ಬಂದವು. ಮೂರನೆಯದು ಫೂರಿಯೇ ಶ್ರೇಣಿ. ನಡುವೆ ಎಲ್ಲೋ ಒಂದು ಅನುಕಲನ ಕೈಕೊಟ್ಟು, ಬಂದ ಉತ್ತರ ನೋಡಿದರೇ ತಪ್ಪೆಂದು ಗೊತ್ತಾಗುವಂತಿತ್ತು. ಎಲ್ಲಿ ತಪ್ಪಿದ್ದೆಂದು ಹುಡುಕುತ್ತಿರುವಾಗಲೇ ಗಂಟೆ ಹೊಡೆಯಿತು. ಮೇಲ್ವಿಚಾರಕಿ ಹಾಳೆ ಎಳೆದುಕೊಂಡಳು.

ಅಲ್ಲಿಂದ ನೇರ ಸರ್ ಮನೆಗೆ ಬಂದು ಒಂದೊಂದೇ ಉತ್ತರ ನೆನಪಿಂದ ಹೇಳಿದಳು. ಸರ್ ಗೀರು ಹಾಕುತ್ತ ಹೋದರು. ಎರಡಂಕದ ಒಂಬತ್ತರಲ್ಲಿ ಒಂದು ತಪ್ಪು, ಹದಿನಾರು ಉಳಿಯಿತು. ಐದರದ್ದರಲ್ಲಿ ಒಂದಕ್ಕೆ ಚಿಹ್ನೆ ತಿರುಗಿತ್ತು, ಪೂರ್ತಿ ಸರಿಯಾದವು ನಾಲ್ಕು, ಇಪ್ಪತ್ತು. ಹತ್ತರದ್ದು ಎರಡು, ಇಪ್ಪತ್ತು.

"ಗಟ್ಟಿ ಐವತ್ತಾರು" ಎಂದರು. "ಉಳಿದಿದ್ದರಲ್ಲಿ ಹತ್ತು ಬೇಕು. ಚಿಹ್ನೆ ತಪ್ಪಿದ್ದಕ್ಕೆ ಮೂರು ಕೊಡಬಹುದು. ಅರ್ಧ ಬರೆದದ್ದಕ್ಕೆ ಎರಡು. ಫೂರಿಯೇಗೆ..." ಅವರು ಪೆನ್ಸಿಲ್ ಕೆಳಗಿಟ್ಟರು. "ನಾನಾಗಿದ್ರೆ ಮೂರು ಕೊಡ್ತಿದ್ದೆ."

ಐವತ್ತಾರಕ್ಕೆ ಎಂಟು. ಅರವತ್ತನಾಲ್ಕು. ಕೂಡಲು ಅವಳಿಗೆ ಹಾಳೆ ಬೇಕಾಗಲಿಲ್ಲ.

"ಎರಡು ಅಂಕ" ಎಂದಳು. ಮತ್ತೆ ಮತ್ತೆ ಅದನ್ನೇ ಅಂದಳು. ಆಮೇಲೆ ಜಗಲಿಯ ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಸರ್ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ. "ಮೌಲ್ಯಮಾಪನ ಮಾಡೋನು ನಾನಲ್ಲ ಮಾ" ಎಂದಷ್ಟೇ ಅಂದರು.

ಮಾರನೆಯ ದಿನ ಅವಳು ಜೆನಾ ಬಾಬುವಿನ ಮುಂದೆ ಕೈಜೋಡಿಸಿ ನಿಂತಳು. ಪಂಪ್ ಹೌಸಿನಲ್ಲಿ ಈಗ ಬೇರೆಯವಳಿದ್ದಳು. "ಬೆಲ್ಟಿನ ಕೆಳಗೆ ಬಿದ್ದ ಅದಿರು ಗುಡಿಸೋ ಕೆಲಸ ಇದೆ. ಬೇಕಾದ್ರೆ ಮಾಡು" ಎಂದ ಅವನು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಲಿಕೆ ಹಿಡಿದಳು. ತಲೆಯ ಮೇಲೆ ಅದಿರು ಹೊತ್ತ ಬೆಲ್ಟು ಗಡಗಡ ಓಡುತ್ತಿತ್ತು. ಗುಡಿಸಿದಷ್ಟೂ ಮತ್ತೆ ಬೀಳುತ್ತಿತ್ತು. ಸಂಜೆ ಮನೆಗೆ ಬಂದರೆ ಉಗುಳೂ ಕೆಂಪು. ಟಿಕಿ ಹತ್ತಿರ ಬರಲು ಹಿಂಜರಿಯುವಷ್ಟು ಕೆಂಪಾಗಿರುತ್ತಿದ್ದಳು. ದೈತಾರಿ 'ನಾನು ಅವತ್ತೇ ಹೇಳಿದ್ದೆ' ಎನ್ನಬಹುದಿತ್ತು. ಅನ್ನಲಿಲ್ಲ. ಅವನು ಅನ್ನದೇ ಇದ್ದದ್ದೇ ಅವಳಿಗೆ ಹೆಚ್ಚು ಭಾರವಾಯಿತು. ಗೋಡೆಯ ಮೇಲಿನ ಸೂತ್ರಗಳನ್ನು ಒಂದು ದಿನ ಒದ್ದೆ ಬಟ್ಟೆಯಿಂದ ಒರೆಸಿಹಾಕಿದಳು.

ದಿನಗಳು ಹೋದವು. ಜೂನ್ ಒಂದಾಯಿತು, ಐದಾಯಿತು, ಫಲಿತಾಂಶವೇ ಇಲ್ಲ. ಹತ್ತರ ಒಳಗೆ ಬಾರದಿದ್ದರೆ ಎಷ್ಟು ಬಂದರೂ ಉಪಯೋಗವಿರಲಿಲ್ಲ. ಹೇಗೂ ಅರವತ್ತನಾಲ್ಕು ತಾನೆ, ಬಂದರೇನು ಬಿಟ್ಟರೇನು ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಗಂಟೆಗೊಮ್ಮೆ ಫೋನು ನೋಡುತ್ತಿದ್ದಳು.

ಜೂನ್ ಎಂಟರಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಸರ್ ಫೋನು ಬಂತು. "ಬಂದಿದೆಯಂತೆ, ನೋಡು." ಧೂಳು ಮೆತ್ತಿದ ಬೆರಳಿಗೆ ಫೋನು ಓಗೊಡಲಿಲ್ಲ. ಸೆರಗಿನಿಂದ ಒರೆಸಿ, ಬೆರಳು ನೆಕ್ಕಿ, ನೋಂದಣಿ ಸಂಖ್ಯೆ ಒತ್ತಿದಳು. ಚಕ್ರ ಸುತ್ತಿತು. ಒಂದು ಸಲ ತಪ್ಪಿತು. ಮತ್ತೆ ಒತ್ತಿದಳು.

ಗಣಿತ ಮೂರು. ಇಂಟರ್ನಲ್ ಹನ್ನೆರಡು. ಪರೀಕ್ಷೆ ಅರವತ್ತೇಳು. ಒಟ್ಟು ಎಪ್ಪತ್ತೊಂಬತ್ತು. ಉತ್ತೀರ್ಣ.

ಅವಳು ನಂಬಲಿಲ್ಲ. ಒಮ್ಮೆ ಹೀಗೇ ನಂಬಿ ಮೋಸ ಹೋಗಿದ್ದಳು. ಇದ್ದಿಲಿನ ತುಂಡು ಹುಡುಕಿ ಸಿಮೆಂಟು ಕಟ್ಟೆಯ ಮೇಲೆ ಬರೆದಳು. ಹಳೆಯ ಮೊತ್ತದಿಂದ ಮೊದಲು ಮೂವತ್ತಮೂರು ಕಳೆದಳು. ಎರಡು ಸಾವಿರದ ಆರುನೂರ ಇಪ್ಪತ್ತೆರಡು. ಅದಕ್ಕೆ ಎಪ್ಪತ್ತೊಂಬತ್ತು ಕೂಡಿದಳು. ಎರಡು ಸಾವಿರದ ಏಳುನೂರ ಒಂದು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿದಳು. ಏಳುನೂರ ಒಂದೇ.

"ಸರ್, ಉಳಿದಿದ್ದಕ್ಕೆ ಹನ್ನೊಂದು ಕೊಟ್ಟಿದಾರೆ" ಎಂದಳು, ಸರ್‌ಗೆ ತಿರುಗಿ ಫೋನು ಮಾಡಿ.

"ಫೂರಿಯೇಗೆ ದಾರಿ ನೋಡಿ ಕೊಟ್ಟಿರಬೇಕು. ಯಾರೋ ಪುಣ್ಯಾತ್ಮ ಕೂತು ಓದಿದಾನೆ" ಎಂದರು ಸರ್.

ಆ ಸಂಜೆ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿಸಿದರು. ದೈತಾರಿ ಪಕ್ಕದಲ್ಲೇ ನಿಂತಿದ್ದ, ತೋಳಲ್ಲಿ ಟಿಕಿ. ಶೇಕಡಾ ಅರವತ್ತು ಪಾಯಿಂಟ್ ಸೊನ್ನೆ ಎರಡು ಎಂದು ಒತ್ತಿದಾಗ ತಡೆಯದೆ ಮುಂದಿನ ಪುಟ ತೆರೆದುಕೊಂಡಿತು. ಅರ್ಜಿಯ ಸಂಖ್ಯೆ ಬಂತು. ಮೂವತ್ತು ಸಾವಿರ ದಾಟಿದ ಸಂಖ್ಯೆ. ಹುದ್ದೆ ನಲವತ್ತೆರಡು.

ಅದನ್ನು ಇಬ್ಬರೂ ನೋಡಿದರು. ಸೌದಾಮಿನಿಯ ಮುಖ ಮತ್ತೆ ಬಾಡಿತು.

"ಅರವತ್ತಾರು ಬೇಕು ಅಂದಿದ್ಯಲ್ಲ" ದೈತಾರಿ ಕೇಳಿದ. "ಅರವತ್ತೇಳು ಬಂತು. ಹಂಗಾದ್ರೆ ಒಂದು ಮಿಕ್ಕಿತಾ?"

"ಹೂಂ. ಒಂದು ಮಿಕ್ಕಿತು."

"ಅವರ ಪರೀಕ್ಷೆ ಯಾವಾಗ?"

"ಆಗಸ್ಟ್ ಮೂವತ್ತು."

ಅವನು ಟಿಕಿಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ. "ನಾಳೆಯಿಂದ ಇವಳನ್ನ ಮತ್ತೆ ಅಮ್ಮನ ಮನೆಗೆ ಬಿಡ್ತೀನಿ. ನೀನು ಸರ್ ಹತ್ರ ಹೋಗು. ಆ ಗುಡಿಸೋ ಕೆಲಸಕ್ಕೆ ಹೋಗ್ತೀಯೋ ಬಿಡ್ತೀಯೋ, ಅದು ನಿನಗೆ ಬಿಟ್ಟಿದ್ದು. ಈ ಸಲ ನಾನು ಲೆಕ್ಕ ಕೇಳಲ್ಲ."

ಅವಳು ಅರ್ಜಿಯ ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮೂವರೂ ಬಸ್ ನಿಲ್ದಾಣದ ಕಡೆ ನಡೆದರು.